ಗಡಿ ದಾಟಿದರೆ ಗ್ಯಾಸ್ ಡೆಪಾಸಿಟ್ ಮುಳುಗುವುದಿಲ್ಲ!

ಮಂಜೇಶ್ವರ, ಕುಂಬಳೆ ಕಡೆಯಿಂದ ಸಂಸಾರ ಸಮೇತ ಮಂಗಳೂರಿಗೆ ಮನೆ ಬದಲಿಸುವ ನಮ್ಮವರಿಗೆ ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿ ಒಂದು ಮಾತು ಕೇಳಿಸ್ತದೆ: "ಕೇರಳದ ಕನೆಕ್ಷನ್ ಇಲ್ಲಿ ಆಗುದಿಲ್ಲ. ಹೊಸತು ಮಾಡ್ಸಿ, ಸ್ಟೌ ಕೂಡ ಇಲ್ಲಿಯೇ ತಗೊಳ್ಬೇಕು." ನಾವು ಮರುಮಾತಿಲ್ಲದೆ ದುಡ್ಡು ಎಣಿಸಿ ಕೊಡ್ತೇವೆ. ಊರಿನ ಸಿಲಿಂಡರ್ ನೆರೆಮನೆಗೆ ಹೋಗ್ತದೆ.

ಎರಡೂ ಸುಳ್ಳು. ಕನೆಕ್ಷನಿಗೆ ರಾಜ್ಯದ ಗಡಿ ಇಲ್ಲ. ಏಜೆನ್ಸಿಯಲ್ಲೇ ಸ್ಟೌ ಕೊಳ್ಳಬೇಕೆಂಬ ನಿಯಮವೂ ಇಲ್ಲ. ನಿಮ್ಮ ಸ್ಟೌ ಸುರಕ್ಷಿತವೋ ಎಂದು ಅವರು ಪರೀಕ್ಷಿಸಬಹುದು, ಅಷ್ಟೇ.

ದಾರಿ ಇಷ್ಟು. ಹಳೆ ಏಜೆನ್ಸಿಗೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ವಾಪಸ್ ಕೊಡಿ. ಉಳಿದ ಗ್ಯಾಸಿಗೆ ದುಡ್ಡು ಬರುವುದಿಲ್ಲ, ಹಾಗಾಗಿ ಖಾಲಿ ಮಾಡಿಯೇ ಕೊಡಿ. ಕನೆಕ್ಷನ್ ತಗೊಂಡಾಗ ಸಿಕ್ಕಿದ ಸಬ್‌ಸ್ಕ್ರಿಪ್ಷನ್ ವೋಚರ್ ತೋರಿಸಿದರೆ ಅದರಲ್ಲಿ ಬರೆದ ಡೆಪಾಸಿಟ್ ವಾಪಸ್ ಬರ್ತದೆ, ಜೊತೆಗೆ ಟರ್ಮಿನೇಷನ್ ವೋಚರ್ ಸಿಗ್ತದೆ. ಸ್ಟೌ, ಪಾಸ್‌ಬುಕ್ ನಿಮ್ಮಲ್ಲೇ ಇರಲಿ. ಹೊಸ ಊರಿನಲ್ಲಿ ಅದೇ ಕಂಪನಿಯ ಏಜೆನ್ಸಿಗೆ ಆ ವೋಚರ್, ಗುರುತಿನ ಚೀಟಿ, ಬಾಡಿಗೆ ಕರಾರಿನಂಥ ವಿಳಾಸದ ದಾಖಲೆ ಕೊಟ್ಟು, ಈಗಿನ ದರದ ಡೆಪಾಸಿಟ್ ಕಟ್ಟಬೇಕು.

ಬ್ಯಾಂಕಿನಲ್ಲಿ ಕೂತು ಲೆಕ್ಕ ಮಾಡುವ ನಮಗೆ ಹೊಟ್ಟೆ ಉರಿಯುವುದು ಇಲ್ಲಿ. 2020ರಲ್ಲಿ ಒಂದು ಸಿಲಿಂಡರ್ ತಗೊಂಡವರು 1450 ರೂಪಾಯಿ, ರೆಗ್ಯುಲೇಟರಿಗೆ 150 ಕಟ್ಟಿರ್ತಾರೆ. ಒಟ್ಟು 1600 ವಾಪಸ್. 2022ರ ಜೂನಿನಲ್ಲಿ ಆ ದರ 2200 ಮತ್ತು 250ಕ್ಕೆ ಏರಿತು. ಆ ಲೆಕ್ಕದಲ್ಲಿ ಹೊಸ ಊರಿನಲ್ಲಿ ಕಟ್ಟುವುದು 2450. ಅಂದರೆ ಕೈಯಿಂದ ಹೋಗುವುದು 850 ರೂಪಾಯಿ, ಗ್ಯಾಸಿನ ಬೆಲೆ ಬೇರೆ. ಆ 850 ಕೂಡ ಡೆಪಾಸಿಟ್ಟೇ, ನಮ್ಮದೇ ದುಡ್ಡು. ವೋಚರ್ ಇಲ್ಲದೆ ಹೊರಟವರು 1600 ಬಿಟ್ಟು, ಮತ್ತೆ 2450 ಕಟ್ಟಿ, ಬೇಡದ ಸ್ಟೌವಿಗೂ ದುಡ್ಡು ಸುರೀತಾರೆ. ಉಜ್ವಲಾ ಕನೆಕ್ಷನಿಗೆ ಮಾತ್ರ ಡೆಪಾಸಿಟ್ ಸರ್ಕಾರದ್ದು, ಅದು ನಮ್ಮ ಕೈಗೆ ಬರುವುದಿಲ್ಲ.

ಹಳೇದನ್ನು ಹಾಗೇ ಬಿಟ್ಟು ಹೊಸತು ಮಾಡಿದರೆ ಇನ್ನೊಂದು ಪೆಟ್ಟು ಉಂಟು. ಒಂದು ಅಡುಗೆಮನೆಯ ಸಂಸಾರಕ್ಕೆ ಒಂದೇ ಕನೆಕ್ಷನ್. ಆಧಾರ್ ತಾಳೆ ನೋಡುವಾಗ ಎರಡು ಕಂಡರೆ ಬುಕಿಂಗ್ ನಿಲ್ತದೆ, ಆಗ ಓಡಾಡುವವರು ನಾವೇ. ಅಪ್ಪ ಅಮ್ಮ ಊರಲ್ಲೇ ಇದ್ದು ನೀವು ಬೇರೆ ಮನೆ ಮಾಡಿದ್ದರೆ ಮಾತ್ರ ಹೊಸ ಕನೆಕ್ಷನ್ ಕೇಳುವುದು ಸರಿ.

ನಮ್ಮ ಅಮ್ಮಂದಿರ ವೋಚರ್ ಇಂಗ್ಲಿಷಿನಲ್ಲಿ, ಬೋರ್ಡು ಮಲಯಾಳದಲ್ಲಿ. ಓದಲಾಗದ ಚೀಟಿ ಅಂತ ಎಷ್ಟೋ ಮನೆಯಲ್ಲಿ ಅದನ್ನು ಒಲೆಗೆ ಹಾಕಿ ಆಗಿದೆ. ಕಳೆದಿದ್ದರೂ ಹೆದರಬೇಡಿ, ಏಜೆನ್ಸಿಯ ದಾಖಲೆಯಲ್ಲಿ ಕನೆಕ್ಷನ್ ಉಂಟು. ಕಳೆದುಹೋಗಿದೆ ಎಂದು ಘೋಷಣೆ ಬರೆದುಕೊಟ್ಟು ಕೇಳಿ.

"ಆಗುದಿಲ್ಲ" ಅಂದವರಿಗೆ ಒಂದೇ ಉತ್ತರ: "ಅದನ್ನೇ ಬರೆದು ಸೀಲ್ ಹಾಕಿ ಕೊಡಿ." ಕೊಡದಿದ್ದರೆ ಅಲ್ಲೇ ನಿಂತು 1800 2333 555ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಇವತ್ತೇ ಮನೆಯ ಕಪಾಟು ತೆರೆದು ಆ ವೋಚರ್ ಹುಡುಕಿ, ಫೋಟೋ ತೆಗೆದಿಡಿ.