ಏಳು ಗಂಟೆ ಇಪ್ಪತ್ತು ನಿಮಿಷದ ಕೋನ

ಗಡಿಯಾರದಲ್ಲಿ 7 ಗಂಟೆ 20 ನಿಮಿಷವಾದಾಗ ಅದರ ಎರಡು ಮುಳ್ಳುಗಳ ನಡುವೆ ಎಷ್ಟು ಅಂಶದ ಕೋನವಿರುತ್ತದೆ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಗನಿಗೆ ಈ ಲೆಕ್ಕವನ್ನು ಹೇಳಿಕೊಡಲು ಹೊರಟ ತಂದೆಯೊಬ್ಬರು, ತಮ್ಮ ಉತ್ತರವು ಪುಸ್ತಕದ ಉತ್ತರಕ್ಕೆ ಹೊಂದದಿರಲು ನಮಗೆ ಪತ್ರ ಬರೆದು ಕೇಳಿದ್ದಾರೆ. ಅವರಿಗೆ ಬಂದುದು 90 ಅಂಶ, ಪುಸ್ತಕದಲ್ಲಿರುವುದು 100 ಅಂಶ. ಅಚ್ಚಿನ ದೋಷವಿರಬಹುದೇ ಎಂಬುದು ಅವರ ಶಂಕೆ. ದೋಷವೇನೂ ಇಲ್ಲ, ಪುಸ್ತಕದ ಉತ್ತರವೇ ಸರಿಯಾದುದು. ಆದರೆ ಆ ಹತ್ತು ಅಂಶ ಎಲ್ಲಿಂದ ಬಂದಿತು ಎಂಬುದನ್ನು ತಿಳಿಯದೆ ಸೂತ್ರವನ್ನಷ್ಟೇ ಬಾಯಿಪಾಠ ಮಾಡಿಸಿದರೆ, ಪ್ರಶ್ನೆಯ ರೂಪ ಸ್ವಲ್ಪ ಬದಲಾದೊಡನೆ ಹುಡುಗ ಮತ್ತೆ ತಡವರಿಸುತ್ತಾನೆ.

ತಂದೆಯವರು ಮಾಡಿದ ಲೆಕ್ಕವನ್ನು ಮೊದಲು ನೋಡೋಣ. ಗಡಿಯಾರದ ಮುಖವು ಒಂದು ವೃತ್ತ. ಅದರ ಸುತ್ತಳತೆಗೆ 360 ಅಂಶಗಳು. ಅದನ್ನು 12 ಮನೆಗಳಾಗಿ ಹಂಚಿರುವುದರಿಂದ ಒಂದೊಂದು ಮನೆಗೆ 30 ಅಂಶ. ಇಪ್ಪತ್ತು ನಿಮಿಷಕ್ಕೆ ದೊಡ್ಡ ಮುಳ್ಳು 4ರ ಮೇಲಿರುತ್ತದೆ, ಸಣ್ಣ ಮುಳ್ಳು 7ರ ಮೇಲಿರುತ್ತದೆ, ನಡುವೆ ಮೂರು ಮನೆಗಳಿವೆ, ಆದುದರಿಂದ 90 ಎಂದು ಅವರು ಬರೆದಿದ್ದಾರೆ. ಇದರಲ್ಲಿ ಒಂದು ಮಾತು ಮಾತ್ರ ತಪ್ಪು. 7 ಗಂಟೆ 20 ನಿಮಿಷಕ್ಕೆ ಸಣ್ಣ ಮುಳ್ಳು 7ರ ಮೇಲೆ ಇರುವುದಿಲ್ಲ. ದೊಡ್ಡ ಮುಳ್ಳು 12ರಿಂದ 4ಕ್ಕೆ ಬರುವಷ್ಟರಲ್ಲಿ ಅದೂ ಸುಮ್ಮನೆ ನಿಂತಿಲ್ಲ. 8ರ ಕಡೆಗೆ ಮೆಲ್ಲನೆ ಸರಿದಿದೆ. ನಮ್ಮ ಕಣ್ಣಿಗೆ ಅದರ ಚಲನೆ ಕಾಣದಿರುವುದರಿಂದಲೇ ಅದು ಗಂಟೆಗೊಮ್ಮೆ ಹೆಜ್ಜೆಯಿಡುತ್ತದೆ ಎಂಬ ಭಾವನೆ ಮೂಡುತ್ತದೆ.

ಆದಕಾರಣ ಮುಳ್ಳುಗಳ ಸ್ಥಾನವನ್ನು ಕೇಳುವ ಮೊದಲು ಅವುಗಳ ವೇಗವನ್ನು ಕೇಳಬೇಕು. ತಿರುಗುವ ವಸ್ತುವಿನ ವೇಗವನ್ನು ಅಳೆಯುವುದು ಅದು ಎಷ್ಟು ಅಂಗುಲ ಹೋಯಿತು ಎಂಬುದರಿಂದಲ್ಲ, ಎಷ್ಟು ಅಂಶ ತಿರುಗಿತು ಎಂಬುದರಿಂದ. ಇದನ್ನೇ ಕೋನೀಯ ವೇಗ ಎನ್ನುವುದು. ಕೈಗಡಿಯಾರದ ಎಳೆಯಂಥ ಮುಳ್ಳಿಗೂ ಗೋಪುರದ ಮೇಲಿನ ಆಳುದ್ದದ ಮುಳ್ಳಿಗೂ ತುದಿಯ ವೇಗ ಬೇರೆ, ಕೋನೀಯ ವೇಗ ಒಂದೇ. ದೊಡ್ಡ ಮುಳ್ಳು 60 ನಿಮಿಷದಲ್ಲಿ 360 ಅಂಶ ಸುತ್ತುತ್ತದೆ. ಎಂದರೆ ನಿಮಿಷಕ್ಕೆ 6 ಅಂಶ. ಸಣ್ಣ ಮುಳ್ಳು ಅದೇ 360 ಅಂಶವನ್ನು ಸುತ್ತಲು 12 ಗಂಟೆ, ಅಂದರೆ 720 ನಿಮಿಷ ತೆಗೆದುಕೊಳ್ಳುತ್ತದೆ. ಎಂದರೆ ನಿಮಿಷಕ್ಕೆ ಅರ್ಧ ಅಂಶ. ಈ ಎರಡು ಸಂಖ್ಯೆಗಳು ಕೈಯಲ್ಲಿದ್ದರೆ ಬೇರೆ ಸೂತ್ರ ಬೇಕಾಗುವುದಿಲ್ಲ.

ಈಗ 12ರ ಗುರುತಿನಿಂದ ಎರಡನ್ನೂ ಅಳೆಯೋಣ. ಸರಿಯಾಗಿ 7 ಗಂಟೆಗೆ ಸಣ್ಣ ಮುಳ್ಳು ಏಳು ಮನೆ ದಾಟಿ 210 ಅಂಶದಲ್ಲಿದೆ. ಮುಂದಿನ 20 ನಿಮಿಷದಲ್ಲಿ ಅರ್ಧ ಅಂಶದಂತೆ 10 ಅಂಶ ನಡೆದು 220ಕ್ಕೆ ಬರುತ್ತದೆ. ದೊಡ್ಡ ಮುಳ್ಳು 12ರಿಂದ ಹೊರಟು 20 ನಿಮಿಷದಲ್ಲಿ 120 ಅಂಶ ನಡೆದಿದೆ. 220ರಲ್ಲಿ 120 ಕಳೆದರೆ 100. ತಂದೆಯವರ ಲೆಕ್ಕದಿಂದ ತಪ್ಪಿಸಿಕೊಂಡ ಹತ್ತು ಅಂಶವೆಂದರೆ ಸಣ್ಣ ಮುಳ್ಳು ಸದ್ದಿಲ್ಲದೆ ನಡೆದ ಆ ಹತ್ತು.

ಕಳೆದಾಗ ಬಂದ ಉತ್ತರ 180ಕ್ಕಿಂತ ಹೆಚ್ಚಾದರೆ ಅದನ್ನು 360ರಲ್ಲಿ ಕಳೆಯಬೇಕೆಂಬುದನ್ನೂ ಹುಡುಗನಿಗೆ ಹೇಳಿರಿ. ಗಡಿಯಾರದ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕಾಣುವ 10 ಗಂಟೆ 10 ನಿಮಿಷಕ್ಕೆ ಸಣ್ಣ ಮುಳ್ಳು 305ರಲ್ಲಿಯೂ ದೊಡ್ಡದು 60ರಲ್ಲಿಯೂ ಇರುತ್ತವೆ. ವ್ಯತ್ಯಾಸ 245 ಬರುತ್ತದೆ. ಅದು ಕೆಳಗಿನಿಂದ ಬಳಸಿಕೊಂಡು ಹೋದ ಅಳತೆ. ಮೇಲಿನ ಕೋನ 115 ಅಂಶ.

ಇನ್ನು ಪ್ರಶ್ನೆಯನ್ನು ತಿರುಗಿಸಿ ಕೇಳೋಣ. 7 ಗಂಟೆ 20 ನಿಮಿಷಕ್ಕೆ 90 ಅಂಶವಿಲ್ಲದಿದ್ದರೆ, ಅದು ಯಾವಾಗ ಬರುತ್ತದೆ? ವೇಗದ ಉಪಯೋಗ ನಿಜವಾಗಿ ತಿಳಿಯುವುದು ಇಲ್ಲಿ. ದೊಡ್ಡ ಮುಳ್ಳು ನಿಮಿಷಕ್ಕೆ 6 ಅಂಶ ಓಡುತ್ತದೆ, ಸಣ್ಣದು ಅರ್ಧ ಅಂಶ ಮುಂದೆ ಸರಿಯುತ್ತದೆ. ಆದುದರಿಂದ ಅವುಗಳ ಅಂತರವು ನಿಮಿಷಕ್ಕೆ ಐದೂವರೆ ಅಂಶದಂತೆ ಕಡಿಮೆಯಾಗುತ್ತದೆ. ಇದೇ ಸಾಪೇಕ್ಷ ವೇಗ. 7 ಗಂಟೆಗೆ ಸಣ್ಣ ಮುಳ್ಳು 210 ಅಂಶ ಮುಂದಿತ್ತು. ಅದು 90ಕ್ಕೆ ಇಳಿಯಬೇಕಾದರೆ 120 ಅಂಶ ಕರಗಬೇಕು. 120ನ್ನು ಐದೂವರೆಯಿಂದ ಭಾಗಿಸಿದರೆ 21 ನಿಮಿಷವೂ ಮೇಲೆ ಒಂದು ನಿಮಿಷದ 11ರಲ್ಲಿ 9 ಭಾಗವೂ ಬರುತ್ತದೆ. ಅಂದರೆ 7 ಗಂಟೆ 21 ನಿಮಿಷ 49 ಸೆಕೆಂಡಿನ ಸುಮಾರು. ಇನ್ನೂ ಕಾದು 210 ಅಂಶವೂ ಕರಗಲು ಬಿಟ್ಟರೆ, 38 ನಿಮಿಷ 11 ಸೆಕೆಂಡಿನ ಸುಮಾರಿಗೆ ಎರಡು ಮುಳ್ಳುಗಳೂ ಒಂದರ ಮೇಲೊಂದು ಕೂಡುತ್ತವೆ.

ಇಂಥ ಲೆಕ್ಕಗಳಲ್ಲೆಲ್ಲ ಈ 11 ಏಕೆ ಇಣುಕುತ್ತದೆಂದು ಕೆಲವರಿಗೆ ತೋರಬಹುದು. 12 ಗಂಟೆಗಳಲ್ಲಿ ದೊಡ್ಡ ಮುಳ್ಳು ಹನ್ನೆರಡು ಸುತ್ತು ಹಾಕಿದರೆ ಸಣ್ಣದು ಒಂದು ಸುತ್ತು ಹಾಕುತ್ತದೆ. ಆದುದರಿಂದ ದೊಡ್ಡದು ಸಣ್ಣದನ್ನು ಮೀರುವುದು ಹನ್ನೊಂದು ಸಲ ಮಾತ್ರ. ಒಂದೊಂದು ಸಲದಲ್ಲಿ ಎರಡು ಲಂಬಕೋನಗಳಂತೆ 22 ಬರುತ್ತವೆಯೇ ಹೊರತು 24 ಅಲ್ಲ. ಗಂಟೆಗೆ ಎರಡರಂತೆ ಎಣಿಸುವವರು ಎಡವುವುದು 3 ಗಂಟೆ ಮತ್ತು 9 ಗಂಟೆಗಳಲ್ಲಿ. 2 ಗಂಟೆ 27 ನಿಮಿಷದ ಬಳಿಕ ಒಂದು ಲಂಬಕೋನ ಬರುತ್ತದೆ, ಮುಂದಿನದು ಸರಿಯಾಗಿ 3 ಗಂಟೆಗೆ, ಅದರ ಮುಂದಿನದು 3 ಗಂಟೆ 32 ನಿಮಿಷದ ಬಳಿಕ. ನಡುವಿನದನ್ನು ಎರಡನೆಯ ಗಂಟೆಯ ಲೆಕ್ಕಕ್ಕೂ ಮೂರನೆಯ ಗಂಟೆಯ ಲೆಕ್ಕಕ್ಕೂ ಸೇರಿಸಿಬಿಡುತ್ತಾರೆ.

ಪಂಚಾಂಗ ನೋಡುವ ಮನೆಗಳಲ್ಲಿ ಈ ಕಳೆಯುವ ಕ್ರಮವು ಹೊಸದಲ್ಲ. ಚಂದ್ರನು ದಿನಕ್ಕೆ ಸರಾಸರಿ 13 ಅಂಶಕ್ಕೆ ತುಸು ಮೇಲೆ, ಸೂರ್ಯನು ಸುಮಾರು ಒಂದು ಅಂಶ ಸರಿಯುವುದಾಗಿ ಗಣಿಸಿ, ಅವರ ಅಂತರವು 12 ಅಂಶ ಬೆಳೆದಾಗಲೆಲ್ಲ ಒಂದು ತಿಥಿ ಮುಗಿಯಿತೆನ್ನುತ್ತಾರೆ. ಒಂದು ಅಮಾವಾಸ್ಯೆಯಿಂದ ಮತ್ತೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನವಾಗುವುದೂ ಮುಳ್ಳುಗಳು ಮತ್ತೆ ಕೂಡಲು 60 ನಿಮಿಷ ಸಾಲದೆ 65 ನಿಮಿಷ ಮೀರುವುದೂ ಒಂದೇ ಕಾರಣದಿಂದ: ಬೆನ್ನಟ್ಟಿದವನು ಒಂದು ಸುತ್ತು ಮುಗಿಸುವಷ್ಟರಲ್ಲಿ ಮುಂದಿನವನು ಅಲ್ಲಿರುವುದಿಲ್ಲ. ಆದರೆ ಚಂದ್ರನ ವೇಗವು ದಿನದಿನಕ್ಕೆ ಏರಿಳಿಯುವುದರಿಂದ ತಿಥಿಗಳ ಅವಧಿ ಸಮವಲ್ಲ. ಗಡಿಯಾರಕ್ಕೆ ಆ ತೊಡಕಿಲ್ಲ.

ಗಡಿಯಾರಕ್ಕೆ ಬೇರೆ ತೊಡಕುಗಳಿವೆ. ನಿಮಿಷಕ್ಕೊಮ್ಮೆ ಮಾತ್ರ ಮುಳ್ಳು ಜಿಗಿಯುವ ಗಡಿಯಾರಗಳುಂಟು. ಅಂಥದರಲ್ಲಿ 7 ಗಂಟೆ 21 ನಿಮಿಷಕ್ಕೆ 94½ ಅಂಶವಿದ್ದುದು ಒಮ್ಮೆಲೇ 89ಕ್ಕೆ ಇಳಿಯುತ್ತದೆ. 90 ಅಂಶವನ್ನು ಅದು ತೋರಿಸುವುದೇ ಇಲ್ಲ. ಪರೀಕ್ಷೆಯ ಪ್ರಶ್ನೆಗಳು ಮುಳ್ಳುಗಳು ಎಡೆಬಿಡದೆ ಸಮವೇಗದಿಂದ ಚಲಿಸುತ್ತವೆಂದು ಭಾವಿಸಿಯೇ ಹುಟ್ಟಿದವು.

ಇನ್ನೊಂದು ತೊಡಕು ಮನೆಯ ಗೋಡೆಯ ಮೇಲೆಯೇ ಇರಬಹುದು. 7 ಗಂಟೆ 20 ನಿಮಿಷಕ್ಕೆ ಸಣ್ಣ ಮುಳ್ಳು 7 ಮತ್ತು 8ರ ನಡುವಿನ ಮನೆಯಲ್ಲಿ ಮೂರನೆಯ ಒಂದು ಭಾಗ ದಾಟಿರಬೇಕು. ಅದು ಸರಿಯಾಗಿ ಅರ್ಧದಲ್ಲಿ ನಿಂತಿದ್ದರೆ 5 ಅಂಶ ಹೆಚ್ಚು ಮುಂದಿದೆ. ನಿಮಿಷಕ್ಕೆ ಅರ್ಧ ಅಂಶವಾದುದರಿಂದ ಇದು ಹತ್ತು ನಿಮಿಷದ ತಪ್ಪಿಗೆ ಸಮ. ಹಿಂದಿನ ತಿರುಗಣಿಯನ್ನು ಎಷ್ಟು ತಿರುಗಿಸಿದರೂ ಈ ತಪ್ಪು ಹೋಗದು. ಏಕೆಂದರೆ ಒಳಗಿನ ಹಲ್ಲುಗಾಲಿಗಳು ಎರಡೂ ಮುಳ್ಳುಗಳನ್ನು ಹನ್ನೆರಡಕ್ಕೆ ಒಂದರಂತೆ ಜೊತೆಯಾಗಿಯೇ ತಿರುಗಿಸುತ್ತವೆ, ತಪ್ಪೂ ಅವುಗಳೊಡನೆ ಸುತ್ತುತ್ತದೆ. ದೊಡ್ಡ ಮುಳ್ಳನ್ನು 12ಕ್ಕೆ ತಂದು ನಿಲ್ಲಿಸಿ, ಸಣ್ಣ ಮುಳ್ಳನ್ನು ಬುಡದಿಂದ ಬಿಡಿಸಿ, ಗಂಟೆಯ ಗುರುತಿನ ಮೇಲೆ ಸರಿಯಾಗಿ ಮತ್ತೆ ಒತ್ತಿ ಕೂರಿಸಬೇಕು. ಬಳಿಕ 6 ಗಂಟೆಗೆ ತಿರುಗಿಸಿ ನೋಡಿದರೆ ಎರಡು ಮುಳ್ಳುಗಳೂ ಒಂದೇ ನೇರಗೆರೆಯಲ್ಲಿ ಮೇಲೆ ಕೆಳಗೆ ನಿಲ್ಲುತ್ತವೆ.