ಲೈಸೆನ್ಸಿನ ಪತ್ರವೂ ಒಡೆಯನ ಸ್ವರೂಪವೂ

ನಮ್ಮ ಕರಾವಳಿಯ ಮನೆಗಳಲ್ಲಿ ದುಬೈಯ ಕೆಲಸದ ಮಾತು ಬಂದಾಗ ಮೊದಲು ವಿಚಾರಿಸುವುದು ಸಂಬಳವನ್ನು, ಆಮೇಲೆ ವೀಸಾವನ್ನು, ಅದಾದ ಮೇಲೆ ಊಟ ವಸತಿಗಳನ್ನು. ಸಂಬಳ ಕೊಡತಕ್ಕವನು ಯಾರು, ಆ ದೇಶದ ಕಾನೂನಿನ ಕಣ್ಣಿನಲ್ಲಿ ಅವನ ಸ್ವರೂಪವೇನು ಎಂಬ ಪ್ರಶ್ನೆಯಾದರೋ ‘ಕಂಪೆನಿ ದೊಡ್ಡದಂತೆ’ ಎಂಬ ಏಜೆಂಟನ ಒಂದು ಮಾತಿನಲ್ಲಿಯೇ ಸಮಾಪ್ತವಾಗಿಬಿಡುತ್ತದೆ. ಹೆಣ್ಣು ಕೊಡುವಾಗ ಗಂಡಿನ ಮನೆತನವನ್ನು ಮೂರು ಊರುಗಳಲ್ಲಿ ವಿಚಾರಿಸುವ ಜನ, ಮಗನನ್ನು ಸಮುದ್ರದಾಚೆಗೆ ಕಳುಹುವಾಗ ಮಾತ್ರ ಒಡೆಯನ ಹೆಸರನ್ನು ಕಾಗದದ ತಲೆಬರಹದಲ್ಲಿ ಓದಿ ತೃಪ್ತರಾಗುವರು. ಆ ತಲೆಬರಹವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅದರ ಹಿಂದೆ ಕಾನೂನಿನ ಪ್ರಕಾರ ನಿಂತಿರುವ ಒಡೆಯನನ್ನು ಗುರುತಿಸುವುದಕ್ಕೆ ಟ್ರೇಡ್ ಲೈಸೆನ್ಸ್ ಎಂಬ ಬೇರೊಂದು ಪತ್ರವಿದೆ, ಮತ್ತು ಅದನ್ನು ಓದುವುದು ಎಸ್ಸೆಸ್ಸೆಲ್ಸಿ ಓದಿದವನಿಗೆ ಅಸಾಧ್ಯವಾದ ವಿದ್ಯೆಯೇನೂ ಅಲ್ಲ.

ದುಬೈಯ ಪೇಟೆಯಲ್ಲಿ ವ್ಯವಹಾರ ನಡೆಸುವ ಸಂಸ್ಥೆಗೆ ಈ ಲೈಸೆನ್ಸನ್ನು ಅಲ್ಲಿಯ ಆರ್ಥಿಕ ಇಲಾಖೆಯು ಕೊಡುತ್ತದೆ. ಶಾರ್ಜಾ, ಅಜ್ಮಾನ್, ಅಬುಧಾಬಿ ಮೊದಲಾದ ಉಳಿದ ಎಮಿರೇಟುಗಳಲ್ಲಿ ಆಯಾ ಎಮಿರೇಟಿನ ಆರ್ಥಿಕ ಇಲಾಖೆಯು ಕೊಡುತ್ತದೆ. ಇವುಗಳ ನಡುವೆ, 1985ರಲ್ಲಿ ಜೆಬೆಲ್ ಅಲಿಯಲ್ಲಿ ಆರಂಭವಾದ ಪದ್ಧತಿಯನ್ನನುಸರಿಸಿ, ಫ್ರೀ ಝೋನುಗಳೆಂಬ ಪ್ರತ್ಯೇಕ ವಲಯಗಳು ಅನೇಕವಿದ್ದು, ಪ್ರತಿಯೊಂದು ವಲಯದ ಪ್ರಾಧಿಕಾರವೂ ತನ್ನ ಎಲ್ಲೆಯೊಳಗಿನ ಕಂಪೆನಿಗಳಿಗೆ ತಾನೇ ಲೈಸೆನ್ಸ್ ಕೊಡುತ್ತದೆ. ಯಾರೇ ಕೊಟ್ಟಿರಲಿ, ಪತ್ರದ ಸಾರ ಬಹುಮಟ್ಟಿಗೆ ಒಂದೇ: ಲೈಸೆನ್ಸಿನ ಸಂಖ್ಯೆ, ವ್ಯಾಪಾರದ ಹೆಸರು, ಸಂಸ್ಥೆಯ ಕಾನೂನು ಸ್ವರೂಪ, ಕೊಟ್ಟ ದಿನ ಮತ್ತು ಮುಗಿಯುವ ದಿನ, ನಡೆಸಬಹುದಾದ ಕಸುಬುಗಳ ಪಟ್ಟಿ. ಇಷ್ಟೇ ಸಾಲುಗಳಲ್ಲಿ ಒಡೆಯನ ಮುಖ ಸಾಕಷ್ಟು ಸ್ಪಷ್ಟವಾಗಿ ಮೂಡಿರುತ್ತದೆ.

ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ ಕಾಣಬರುವ ಸಂಗತಿಗಳನ್ನು ಒಂದುಗೂಡಿಸಿ ಒಂದು ಉದಾಹರಣೆಯನ್ನು ಇಲ್ಲಿ ಕಲ್ಪಿಸಿಕೊಳ್ಳುತ್ತೇನೆ. ಕುಂದಾಪುರದ ಕಡೆಯ ಒಬ್ಬ ಯುವಕ, ಐಟಿಐಯಲ್ಲಿ ಎಲೆಕ್ಟ್ರಿಶಿಯನ್ ವಿದ್ಯೆ ಕಲಿತವನು. ಏಜೆಂಟನು ವಾಟ್ಸಾಪಿನಲ್ಲಿ ಅವನಿಗೆ ಎರಡು ಕಾಗದಗಳನ್ನು ಕಳುಹಿಸಿದ್ದಾನೆ: ತಿಂಗಳಿಗೆ 1,800 ದಿರ್ಹಮ್ ಸಂಬಳವೆಂದು ಬರೆದ ಆಫರ್ ಲೆಟರ್ ಒಂದು, ಕಂಪೆನಿಯ ಲೈಸೆನ್ಸಿನ ನಕಲು ಇನ್ನೊಂದು. ಲೈಸೆನ್ಸನ್ನು ಓದಿದರೆ ದೋಷ ಕಾಣುವುದಿಲ್ಲ. ಅದು ದುಬೈ ಆರ್ಥಿಕ ಇಲಾಖೆಯದು. ಅವಧಿ ಇನ್ನೂ ಎಂಟು ತಿಂಗಳಿದೆ. ಕಸುಬುಗಳ ಪಟ್ಟಿಯಲ್ಲಿ ವಿದ್ಯುತ್ ಉಪಕರಣಗಳ ಜೋಡಣೆ ಮತ್ತು ದುರಸ್ತಿಯ ಉಲ್ಲೇಖವಿದೆ. ಕಾನೂನು ಸ್ವರೂಪ ಎಲ್.ಎಲ್.ಸಿ., ಎಂದರೆ ಸೀಮಿತ ಹೊಣೆಯ ಕಂಪೆನಿ. ಆದರೆ ಆಫರ್ ಲೆಟರಿನ ಕೆಳಗೆ ಮುದ್ರೆ ಬಿದ್ದಿರುವ ಕಡೆ ನೋಡಿದರೆ, ಹೆಸರಿನ ಮೊದಲ ಮೂರು ಶಬ್ದಗಳು ಅವೇ ಆಗಿದ್ದು, ಕೊನೆಯಲ್ಲಿ ಎಲ್.ಎಲ್.ಸಿ. ಎಂಬುದರ ಬದಲಿಗೆ ಎಫ್.ಝೆಡ್.ಇ. ಎಂದಿದೆ. ಏಜೆಂಟನನ್ನು ಕೇಳಿದರೆ, ‘ಎರಡೂ ಒಬ್ಬರದೇ, ಅದೆಲ್ಲ ಆಫೀಸಿನವರ ತಾಪತ್ರಯ, ನಿನಗೇಕೆ ಮಾರಾಯಾ?’ ಎನ್ನುತ್ತಾನೆ.

ಏಜೆಂಟನ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಒಬ್ಬನೇ ಧಣಿ ಎರಡು ಕಂಪೆನಿಗಳನ್ನು ಇಟ್ಟಿರುವುದು ಅಲ್ಲಿ ತೀರ ಸಾಮಾನ್ಯ. ಆದರೆ ಧಣಿ ಒಬ್ಬನಾದರೂ ಕಾನೂನಿನ ದೃಷ್ಟಿಯಲ್ಲಿ ಆ ಎರಡು ಕಂಪೆನಿಗಳು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಒಂದರ ಸಾಲಕ್ಕೆ ಇನ್ನೊಂದು ಹೊಣೆಯಲ್ಲ. ಒಂದರ ನೌಕರ ಇನ್ನೊಂದರ ನೌಕರನಲ್ಲ. ನಾಳೆ ನಾಲ್ಕು ತಿಂಗಳ ಸಂಬಳ ನಿಂತುಹೋಯಿತೆಂದರೆ, ಯಾರ ಹೆಸರಿನಲ್ಲಿ ಈತನ ಕೆಲಸದ ಪರವಾನಗಿ ಇದೆಯೋ ಅವನ ಮೇಲೆ ಮಾತ್ರ ಈತನ ದೂರು ನಿಲ್ಲಬಲ್ಲುದು. ತೋರಿಸಿದ್ದು ಗಟ್ಟಿಯಾದ ಕಂಪೆನಿಯ ಲೈಸೆನ್ಸ್, ಸಹಿ ಮಾಡಿದ್ದು ಮತ್ತೊಂದು ಕಂಪೆನಿ ಎಂದಾದಮೇಲೆ, ತೋರಿಸಿದ ಲೈಸೆನ್ಸಿನಿಂದ ಈ ಯುವಕನಿಗೆ ಯಾವ ರಕ್ಷಣೆಯೂ ಇಲ್ಲವೆಂದೇ ತಿಳಿಯಬೇಕು.

ಕಂಪೆನಿಯ ಸ್ವರೂಪವನ್ನು ಸೂಚಿಸುವ ಈ ಅಕ್ಷರಗಳು ಎರಡು ವಿಷಯಗಳನ್ನು ತಿಳಿಸುತ್ತವೆ. ಸಾಲಕ್ಕೆ ಯಾರ ಆಸ್ತಿ ಹೊಣೆ ಎಂಬುದು ಮೊದಲನೆಯದು. ಸೋಲ್ ಎಸ್ಟಾಬ್ಲಿಷ್‌ಮೆಂಟ್ ಎಂದು ಲೈಸೆನ್ಸಿನಲ್ಲಿದ್ದರೆ ಅದು ಒಬ್ಬನೇ ಯಜಮಾನನ ಸಂಸ್ಥೆ, ಅದರ ಸಾಲಕ್ಕೆ ಅವನ ಸ್ವಂತ ಆಸ್ತಿಯೂ ಹೊಣೆ, ಎಲ್.ಎಲ್.ಸಿ. ಆದರೆ ಪಾಲುದಾರರ ಹೊಣೆ ಅವರು ಹೂಡಿದ ಬಂಡವಾಳದಷ್ಟಕ್ಕೆ ಮಾತ್ರ; ವಿದೇಶೀ ಕಂಪೆನಿಯ ಬ್ರಾಂಚ್ ಆದರೆ ಅದರ ಹಿಂದೆ ಮೂಲ ಕಂಪೆನಿ ನಿಂತಿರುತ್ತದೆ. ಸೀಮಿತ ಹೊಣೆ ಎಂದೊಡನೆ ಅನುಮಾನಿಸಬೇಕೆಂದು ನನ್ನ ಅಭಿಪ್ರಾಯವಲ್ಲ, ಏಕೆಂದರೆ ಆ ದೇಶದ ಒಳ್ಳೆಯ ಕಂಪೆನಿಗಳೆಷ್ಟೋ ಎಲ್.ಎಲ್.ಸಿ.ಗಳೇ; ಪಾಲುದಾರನು ದೊಡ್ಡ ಸಾಹುಕಾರನೆಂಬ ಒಂದೇ ಕಾರಣದಿಂದ ಸಂಬಳ ಭದ್ರವೆಂದು ನಂಬಬಾರದೆಂಬುದಷ್ಟೇ ನನ್ನ ಮಾತಿನ ತಾತ್ಪರ್ಯ. ‘ಅರಬಿಯವನದೇ ಕಂಪೆನಿ’ ಎಂಬ ಹಳೆಯ ಭರವಸೆಗೂ ಈಗ ಹೆಚ್ಚಿನ ಅರ್ಥವಿಲ್ಲ. 2021ರ ಕಾನೂನು ತಿದ್ದುಪಡಿಯ ಬಳಿಕ ಬಹುತೇಕ ವ್ಯಾಪಾರಗಳಲ್ಲಿ ವಿದೇಶೀಯನೇ ಪೂರ್ಣ ಒಡೆತನ ಹೊಂದಬಹುದಾಗಿದೆ.

ಎರಡನೆಯದು, ನಮ್ಮ ಯುವಕನಿಗೆ ಇನ್ನೂ ಮುಖ್ಯವಾದದ್ದು, ಯಾವ ಕಚೇರಿಯ ಅಧೀನದಲ್ಲಿ ತಾನು ದುಡಿಯುತ್ತೇನೆಂಬ ಪ್ರಶ್ನೆ. ಎಫ್.ಝೆಡ್.ಇ. ಎಂದರೆ ಫ್ರೀ ಝೋನಿನೊಳಗೆ ಒಬ್ಬನೇ ಷೇರುದಾರನಿಂದ ಸ್ಥಾಪಿತವಾದ ಸಂಸ್ಥೆ. ಹೊರಗಿನ ಪೇಟೆಯ ಕಂಪೆನಿಗಳ ಕೆಲಸಗಾರರ ಪರವಾನಗಿಯನ್ನು ಅಲ್ಲಿಯ ಕಾರ್ಮಿಕ ಸಚಿವಾಲಯ, ಎಂದರೆ ಮೊಹ್ರೆ, ನೋಡಿಕೊಂಡರೆ, ಫ್ರೀ ಝೋನಿನ ನೌಕರರ ಕಾಗದಗಳನ್ನು ಆ ವಲಯದ ಪ್ರಾಧಿಕಾರ ನೋಡಿಕೊಳ್ಳುತ್ತದೆ. 2021ರ 33ನೆಯ ಸಂಖ್ಯೆಯ ಕಾರ್ಮಿಕ ಕಾನೂನು ದುಬೈ ಮತ್ತು ಅಬುಧಾಬಿಯ ಎರಡು ಹಣಕಾಸು ವಲಯಗಳನ್ನು ಬಿಟ್ಟರೆ ಫ್ರೀ ಝೋನುಗಳಿಗೂ ಅನ್ವಯಿಸುತ್ತದೆ, ನಿಜ. ಆದರೆ ಒಂದು ವಲಯದ ಪರವಾನಗಿಯಲ್ಲಿ ಬಂದವನನ್ನು ಪ್ರತ್ಯೇಕ ಅನುಮತಿಯಿಲ್ಲದೆ ಹೊರಗಿನ ಕಟ್ಟಡಗಳಲ್ಲಿ ತಂತಿ ಎಳೆಯಲು ನಿಯೋಗಿಸುವುದು ಸಲ್ಲದು. ಶಾರ್ಜಾದ ಒಂದು ಫ್ರೀ ಝೋನಿನ ಪರವಾನಗಿ, ದುಬೈಯ ಕಟ್ಟಡಗಳಲ್ಲಿ ನಿತ್ಯದ ಕೆಲಸ ಎಂಬ ಜೋಡಣೆ ಕಂಡರೆ, ತಪಾಸಣೆಯ ದಿನ ಸಿಕ್ಕಿಬೀಳುವವನು ಧಣಿಯ ಜೊತೆಗೆ ಕೆಲಸಗಾರನೂ ಹೌದೆಂಬುದನ್ನು ನೆನಪಿಡಬೇಕು.

ಪರೀಕ್ಷಿಸುವ ಕ್ರಮ ಕಠಿನವಲ್ಲ. ಲೈಸೆನ್ಸಿನ ನಕಲು ಎಷ್ಟು ಸುಂದರವಾಗಿದ್ದರೂ ಅದನ್ನು ನಂಬದೆ, ಅದರಲ್ಲಿರುವ ಸಂಖ್ಯೆಯನ್ನು ಮಾತ್ರ ತೆಗೆದುಕೊಂಡು, ಆ ದೇಶದ ನ್ಯಾಷನಲ್ ಎಕನಾಮಿಕ್ ರಿಜಿಸ್ಟರ್ ಎಂಬ ಸಾರ್ವಜನಿಕ ದಾಖಲೆಯಲ್ಲಾಗಲಿ, ಲೈಸೆನ್ಸ್ ಕೊಟ್ಟ ಇಲಾಖೆಯ ಅಥವಾ ಫ್ರೀ ಝೋನಿನ ಅಂತರ್ಜಾಲ ತಾಣದಲ್ಲಾಗಲಿ ಹುಡುಕಬೇಕು. ಅಲ್ಲಿ ಕಾಣುವ ಹೆಸರು, ಸ್ವರೂಪ, ಚಾಲ್ತಿಯಲ್ಲಿದೆಯೇ ಎಂಬ ಸ್ಥಿತಿ, ಇವುಗಳನ್ನು ಆಫರ್ ಲೆಟರಿನೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ನಿಜವಾದ ಕಂಪೆನಿಯ ನಿಜವಾದ ಲೈಸೆನ್ಸನ್ನು ಕದ್ದು ಉಪಯೋಗಿಸುವ ವಂಚಕರೂ ಇರುವುದರಿಂದ, ಕಂಪೆನಿಯನ್ನು ಸಂಪರ್ಕಿಸುವಾಗ ಪತ್ರದಲ್ಲಿರುವ ಫೋನಿಗೆ ಬದಲಾಗಿ ಬೇರೆ ಕಡೆಯಿಂದ ಸ್ವತಂತ್ರವಾಗಿ ದೊರೆತ ಫೋನಿಗೆ ಕರೆಮಾಡುವುದು ವಿವೇಕ. ಹೊರಗಿನ ಪೇಟೆಯ ಕಂಪೆನಿಯಾದರೆ ಇನ್ನೊಂದು ಸೌಕರ್ಯವುಂಟು: ಸಚಿವಾಲಯದ ನಮೂನೆಯಲ್ಲಿಯೇ ಉದ್ಯೋಗದ ಆಫರ್ ಸಿದ್ಧವಾಗಿ, ಕೆಲಸಗಾರನ ಸಹಿ ಬಿದ್ದ ಮೇಲೆಯೇ ಪರವಾನಗಿ ಮುಂದುವರಿಯಬೇಕು, ಅದರ ಸಂಖ್ಯೆಯನ್ನು inquiry.mohre.gov.ae ಎಂಬಲ್ಲಿ ಕೊಟ್ಟು ನೋಡಬಹುದು. ಫ್ರೀ ಝೋನಿನ ಆಫರ್ ಅಲ್ಲಿ ಸಿಕ್ಕದಿದ್ದರೆ ಅದೊಂದರಿಂದಲೇ ಮೋಸವೆಂದು ತೀರ್ಮಾನಿಸಲಾಗದು. ಆ ವಲಯದ ಪ್ರಾಧಿಕಾರವನ್ನೇ ಕೇಳಬೇಕು.

ಇಷ್ಟೆಲ್ಲ ಸರಿಯಾಗಿದ್ದೂ ಕೆಲಸವೇ ಇಲ್ಲದಿರುವ ಸಂದರ್ಭವೊಂದುಂಟು, ಮತ್ತು ನನ್ನನ್ನು ಅತ್ಯಂತ ವ್ಯಥೆಗೊಳಿಸುವುದು ಅದೇ. ನಮ್ಮಲ್ಲಿ ‘ಫ್ರೀ ವೀಸಾ’ ಎಂದು ಕರೆಯುವ ವ್ಯವಸ್ಥೆಯಲ್ಲಿ ಲೈಸೆನ್ಸ್ ನಿಜ, ಕಂಪೆನಿ ನಿಜ, ವೀಸಾ ಕೂಡ ನಿಜ. ಇಲ್ಲದ್ದು ವ್ಯಾಪಾರ ಮಾತ್ರ. ವೀಸಾ ಮಾರುವುದಕ್ಕಾಗಿಯೇ ಜೀವ ಹಿಡಿದಿರುವ ಇಂಥ ಕಂಪೆನಿ, ಬಂದವನನ್ನು ‘ಎಲ್ಲಿಯಾದರೂ ದುಡಿದುಕೋ’ ಎಂದು ಬಿಟ್ಟುಬಿಡುತ್ತದೆ. ಅವನು ಬೇರೆಯವರಲ್ಲಿ ದುಡಿದರೆ ಅದು ಅಕ್ರಮ, ದುಡಿಯದಿದ್ದರೆ ಹಸಿವು. ಇದರ ಸುಳಿವು ಕಸುಬುಗಳ ಪಟ್ಟಿಯಲ್ಲಿಯೇ ಹಲವು ಬಾರಿ ಸಿಕ್ಕುತ್ತದೆ. ಜನರಲ್ ಟ್ರೇಡಿಂಗ್, ಎಂದರೆ ಸಾಮಾನು ಕೊಂಡು ಮಾರುವ ವ್ಯಾಪಾರ ಎಂದಷ್ಟೇ ಬರೆದ ಲೈಸೆನ್ಸಿನವರು ಇಪ್ಪತ್ತು ಮಂದಿ ಎಲೆಕ್ಟ್ರಿಶಿಯನ್ನರನ್ನು ಏಕೆ ಕರೆಯುತ್ತಾರೆ? ಲೈಸೆನ್ಸ್ ಕೊಟ್ಟ ದಿನ ಕಳೆದ ತಿಂಗಳದ್ದಾಗಿದ್ದು, ಪತ್ರ ಮಾತ್ರ ಇಪ್ಪತ್ತು ವರ್ಷಗಳ ಅನುಭವವನ್ನು ಹೇಳಿಕೊಳ್ಳುವುದು ಹೇಗೆ? ಎಲ್ಲಕ್ಕಿಂತ ಮಿಗಿಲಾದ ಸುಳಿವು ಹಣದ್ದು: ನೇಮಕದ ವೆಚ್ಚವನ್ನು ಕೆಲಸಗಾರನಿಂದ ವಸೂಲು ಮಾಡುವುದನ್ನು ಮೇಲೆ ಹೇಳಿದ ಕಾರ್ಮಿಕ ಕಾನೂನಿನ 6ನೆಯ ವಿಧಿಯು ನಿಷೇಧಿಸಿದೆಯಾದ್ದರಿಂದ, ವೀಸಾದ ಬೆಲೆಯೆಂದು ಲಕ್ಷ ರೂಪಾಯಿ ಕೇಳುವ ಒಡೆಯನು ಆರಂಭದಲ್ಲಿಯೇ ಆ ಕಾನೂನನ್ನು ಮುರಿದವನು.

ನಮ್ಮ ಸರಕಾರದ ಕಾವಲು ಈ ಯುವಕನ ಪಾಲಿಗೆ ಅಷ್ಟಾಗಿ ಒದಗುವುದಿಲ್ಲ. 1983ರ ವಲಸೆ ಕಾಯಿದೆಯ ಪ್ರಕಾರ ಹತ್ತನೆಯ ತರಗತಿ ಮುಗಿಸದವನ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂಬ ಗುರುತಿದ್ದು, ಗಲ್ಫ್ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೊರಡುವ ಮುನ್ನ ಅವನ ಕಾಗದಗಳನ್ನು ಅಧಿಕಾರಿಯೊಬ್ಬರು ಪರಿಶೀಲಿಸುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಆ ತಡೆಯಿಲ್ಲ. ಆದ್ದರಿಂದ ಅವನ ಕಾಗದಗಳನ್ನು ಓದುವವರೂ ಇಲ್ಲ. ಏಜೆಂಟನು ನೋಂದಾಯಿತನೋ ಎಂಬುದನ್ನು emigrate.gov.in ತಾಣದಲ್ಲಿ ಅವನೇ ನೋಡಬೇಕು, ಲೈಸೆನ್ಸನ್ನು ಅವನೇ ಓದಬೇಕು. ಲೈಸೆನ್ಸಾದರೂ ಎಲ್ಲವನ್ನೂ ಹೇಳದು. ಕಂಪೆನಿ ಇದೆ, ಈ ಕಸುಬಿಗೆ ಅಧಿಕಾರವಿದೆ ಎಂಬಷ್ಟನ್ನು ಹೇಳುತ್ತದೆಯೇ ಹೊರತು, ತಿಂಗಳ ಕೊನೆಗೆ ಸಂಬಳ ಬರುತ್ತದೆಯೋ ಎಂಬುದನ್ನು ಅದರ ಈಗಿನ ಕೆಲಸಗಾರರಲ್ಲಿ ಒಬ್ಬನಾದರೂ ಬಾಯಿಬಿಟ್ಟು ಹೇಳಬೇಕು. ಊರಿನ ಬಳಗ ದುಬೈಯಲ್ಲಿರುವ ನಮ್ಮವರಿಗೆ ಇದು ಒಂದು ಫೋನಿನ ಕೆಲಸ.

ನಮ್ಮ ಉದಾಹರಣೆಯ ಯುವಕನು ಏಜೆಂಟನಿಗೆ ಬರೆಯಬೇಕಾದದ್ದು ಇಷ್ಟೇ: ನನ್ನ ಪರವಾನಗಿ ಯಾವ ಲೈಸೆನ್ಸಿನ ಮೇಲೆ ಬರುತ್ತದೆ, ಆ ಲೈಸೆನ್ಸಿನ ಸಂಖ್ಯೆ ಯಾವುದು, ಸಚಿವಾಲಯದ ಆಫರ್ ಎಲ್ಲಿ? ‘ವಿಸಿಟ್ ವೀಸಾದಲ್ಲಿ ಬಾ, ಕೆಲಸ ಹಿಡಿ, ಆಮೇಲೆ ಮಾಡಿಸೋಣ’ ಎಂದು ಉತ್ತರ ಬಂದರೆ, ಪರವಾನಗಿ ಸಿಗುವ ಮೊದಲು ದುಡಿಯುವುದು ಅಲ್ಲಿ ಅಪರಾಧವೆಂಬ ಒಂದೇ ಕಾರಣದಿಂದ ಮಾತು ಅಲ್ಲಿಗೇ ಮುಗಿಯಬೇಕು. ಅದರ ಬದಲು ಎಲ್.ಎಲ್.ಸಿ.ಯ ಹೆಸರಿನಲ್ಲಿಯೇ ಸಚಿವಾಲಯದ ಆಫರ್ ಬಂದು, ಅದರ ಸಂಖ್ಯೆಯೂ ತಾಣದಲ್ಲಿ ದೊರೆಯಿತೆಂದು ಇಟ್ಟುಕೊಳ್ಳೋಣ. ಆಗಲೂ ಸಹಿಗೆ ಮುಂಚೆ ಸಂಬಳದ ಸಾಲನ್ನು ಓದತಕ್ಕದ್ದು. ಮೊದಲಿನ ಪತ್ರದಲ್ಲಿ ಒಟ್ಟಾಗಿ 1,800 ಎಂದಿದ್ದದ್ದು ಇಲ್ಲಿ 900 ಮೂಲ ವೇತನ, 900 ಭತ್ಯೆ ಎಂದು ಒಡೆದಿರಬಹುದು. ಕೆಲಸ ಬಿಡುವಾಗ ದೊರೆಯುವ ಗ್ರಾಚ್ಯುಟಿಯನ್ನು, ಮೊದಲ ಐದು ವರ್ಷಗಳ ಮಟ್ಟಿಗೆ ವರ್ಷಕ್ಕೆ 21 ದಿನಗಳಂತೆ, ಲೆಕ್ಕ ಹಾಕುವುದು ಮೂಲ ವೇತನದ ಮೇಲೆ ಮಾತ್ರ. ಆದಕಾರಣ ಆ ಸಾಲನ್ನು ತಿದ್ದಿಸಿಕೊಳ್ಳುವುದಿದ್ದರೆ ಕುಂದಾಪುರದಲ್ಲಿ ಕುಳಿತಿರುವಾಗಲೇ ತಿದ್ದಿಸಿಕೊಳ್ಳಬೇಕು.