ಪರದೆಗೆ 7, ಬಾಯಿಗೆ ಏಳು

ಬೈಕಿನ ಮೇಲೆ ‘ಕೆಎ ೨೫’ ಎಂದು ಬರೆಸಿಕೊಂಡವರಿಗೆ ದಂಡ ಬಿದ್ದಾಗಲೆಲ್ಲ ಒಂದೇ ಕೂಗು ಏಳುತ್ತದೆ: ನಮ್ಮ ನಾಡಿನಲ್ಲೇ ನಮ್ಮ ಅಂಕಿಗೆ ದಂಡವೇ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮ ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿ ಎಂದೇ ಹೇಳುತ್ತದೆ. ಎಚ್‌ಎಸ್‌ಆರ್‌ಪಿ ಫಲಕ ಬಂದ ಮೇಲೆ ಆ ಬಾಗಿಲು ಇನ್ನಷ್ಟು ಬಿಗಿಯಾಯಿತು. ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟನ್ನು ನಾವು ತಪ್ಪು ಜಾಗದಲ್ಲಿ ಖರ್ಚು ಮಾಡುತ್ತಿದ್ದೇವೆ.

ಕುಂದಗೋಳ ತಾಲೂಕಿನ ಸಂಶಿಯ ಕಡೆಯಿಂದ ಮೆಣಸಿನಕಾಯಿ ಹೇರಿಕೊಂಡು ಹೊರಟ ಲಾರಿ ಎಲ್ಲೆಲ್ಲಿಗೋ ಹೋಗುತ್ತದೆ. ಅದು ಯಾರಿಗಾದರೂ ಗುದ್ದಿ ಓಡಿದರೆ ಅದರ ನಂಬರನ್ನು ನೆನಪಿಟ್ಟುಕೊಳ್ಳಬೇಕಾದವನು ಕನ್ನಡ ಬಾರದ ದಾರಿಹೋಕನೂ ಆಗಿರಬಹುದು. ಫಲಕ ಇರುವುದೇ ಅಪರಿಚಿತರು ಓದಲಿ ಎಂದು. ಕನ್ನಡ ಬಲ್ಲವರೂ ಓಡುವ ಗಾಡಿಯ ಮೇಲೆ ೩ ಮತ್ತು ೬ ಗುರುತಿಸಲು ತಡವರಿಸುತ್ತಾರೆ.

ಪರದೆಯ ಮೇಲೆ ತೊಡಕು ಬೇರೆ ಬಗೆಯದು. ಕಂಪ್ಯೂಟರಿಗೆ 7 ಮತ್ತು ೭ ಒಂದೇ ಅಲ್ಲ, ಯೂನಿಕೋಡಿನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತ. ಸರ್ವೆ ನಂಬರ್ 63 ಎಂಬ ಹೊಲದ ಅರ್ಜಿಯನ್ನು ಯಾರೋ ಒಬ್ಬರು ಅಭಿಮಾನದಿಂದ ೬೩ ಎಂದು ತುಂಬುತ್ತಾರೆ ಎನ್ನಿ. 0ಯಿಂದ 9ರವರೆಗಿನ ಅಂಕಿ ಮಾತ್ರ ಬಲ್ಲ ನಮೂನೆ ಅದನ್ನು ತಿರಸ್ಕರಿಸುತ್ತದೆ. ತಿರಸ್ಕರಿಸಿದರೆ ಒಳ್ಳೆಯದೇ, ತಪ್ಪು ಅಲ್ಲೇ ಗೊತ್ತಾಯಿತು. ಅಪಾಯವಿರುವುದು ಬೇರೆ ನಮೂನೆ ಅದನ್ನು ಸದ್ದಿಲ್ಲದೆ ಒಪ್ಪಿಕೊಂಡಾಗ. ಮುಂದೆ ಯಾರೋ 63 ಎಂದು ಹುಡುಕಿದರೆ ಆ ಅರ್ಜಿ ಸಿಗದೇ ಹೋಗಬಹುದು. ಪಟ್ಟಿಯ ಮೊತ್ತ ಕೂಡಿಸುವಾಗ ಅದನ್ನು ಅಂಕಿ ಎಂದಲ್ಲ, ಬರೀ ಅಕ್ಷರ ಎಂದು ಬಿಟ್ಟುಬಿಡುವ ತಂತ್ರಾಂಶಗಳೂ ಇವೆ. ಇದಕ್ಕಿಂತ ಕಣ್ಣಿಗೆ ಕಾಣದ ತಪ್ಪು ಇನ್ನೊಂದಿದೆ. ಕನ್ನಡದ ಸೊನ್ನೆ ‘೦’ ಒತ್ತುವ ಬದಲು ಅನುಸ್ವಾರ ‘ಂ’ ಒತ್ತಿದರೆ ನೋಡಲು ಎರಡೂ ಹೆಚ್ಚುಕಡಿಮೆ ಒಂದೇ, ಯಂತ್ರಕ್ಕೆ ಮಾತ್ರ ಸಂಖ್ಯೆಯೇ ಕೆಟ್ಟುಹೋಗಿರುತ್ತದೆ.

ಹಾಗಾದರೆ ಕನ್ನಡ ಅಂಕಿಗೆ ಪರದೆಯಲ್ಲಿ ಜಾಗವೇ ಇಲ್ಲವೇ? ಇದೆ, ಇರಲೇಬೇಕು. ಬೇರೆ ಬೇರೆ ಭಾಷೆಗಳ ಬಳಕೆಯನ್ನು ತಂತ್ರಾಂಶಗಳಿಗೆ ತಿಳಿಸುವ ಯೂನಿಕೋಡ್ ಸಂಸ್ಥೆಯ ದತ್ತಾಂಶದಲ್ಲಿ ಪಕ್ಕದ ಮರಾಠಿಗೆ ದೇವನಾಗರಿ ಅಂಕಿಯೇ ಮೊದಲ ಆಯ್ಕೆ. ಕನ್ನಡಕ್ಕೆ 1, 2, 3. ಆದರೆ ಅಲ್ಲೇ ಇನ್ನೊಂದು ದಾರಿಯೂ ಇದೆ: ಭಾಷೆಯ ಗುರುತನ್ನು `kn-IN-u-nu-knda` ಎಂದು ಕೊಟ್ಟರೆ ಒಳಗಿರುವ 125 ಹೊರಗೆ ೧೨೫ ಎಂದು ಕಾಣುತ್ತದೆ. ಒಳಗಿನ ಲೆಕ್ಕ ಒಂದಿಷ್ಟೂ ಕದಲುವುದಿಲ್ಲ. ನಾವು ಕೇಳಬೇಕಾದದ್ದು ಇದನ್ನು. ಸರ್ಕಾರಿ ಜಾಲತಾಣಗಳಲ್ಲಿ ಬೇಕಾದವರಿಗೆ ಕನ್ನಡ ಅಂಕಿ ತೋರಿಸುವ ಗುಂಡಿ ಇರಲಿ. ಅರ್ಜಿಯಲ್ಲಿ ಯಾರಾದರೂ ೬೩ ಎಂದು ಬರೆದರೆ ತಂತ್ರಾಂಶವೇ ಅದನ್ನು 63 ಎಂದು ತಿದ್ದಿಕೊಳ್ಳಲಿ. ಇದು ಮಾಡಲಾಗದ ಕೆಲಸವೇನಲ್ಲ.

ಆದರೆ ಕನ್ನಡ ನಿಜವಾಗಿ ಸೋಲುತ್ತಿರುವುದು ಬರವಣಿಗೆಯಲ್ಲಿ ಅಲ್ಲ, ಬಾಯಿಯಲ್ಲಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಟೆಂಡರ್ ದರ ಪರದೆಯ ಮೇಲೆ ಬಂತು ಎನ್ನಿ: 17,809. ಅಂಗಡಿಯ ಹುಡುಗ ‘ಸೆವೆಂಟೀನ್ ಥೌಸಂಡ್ ಏಟ್ ನಾಟ್ ನೈನ್’ ಎನ್ನುತ್ತಾನೆ. ಸಂಶಿಯ ಕಡೆಯ ಹಿರಿಯರು ಕೇಳುತ್ತಾರೆ: ‘ಅಂದ್ರ ಎಷ್ಟಾತಪಾ?’ ಹುಡುಗ ಒಂದು ಗಳಿಗೆ ತಡೆದು ಬಾಯಲ್ಲೇ ಲೆಕ್ಕ ಹಾಕಿ, ‘ಹದಿನೇಳು ಸಾವಿರದ ಎಂಟ್ನೂರಾ ಒಂಬತ್ತ್ರಿ’ ಎನ್ನುತ್ತಾನೆ. ಪರದೆಯ ಮೇಲಿನ ಅಂಕಿ ಇಬ್ಬರಿಗೂ ಗೊತ್ತು. ಕಳೆದುಹೋದದ್ದು ಆ ಅಂಕಿಯ ಕನ್ನಡ ಹೆಸರು. ಎಪ್ಪತ್ತೊಂಬತ್ತು, ಎಂಬತ್ತೊಂಬತ್ತು ಎಂದರೆ ಎಷ್ಟೆಂದು ಥಟ್ಟನೆ ಹೇಳಲಾಗದ ಮಕ್ಕಳು ಕನ್ನಡ ಶಾಲೆಗಳಲ್ಲೂ ಇದ್ದಾರೆ. ೭ ಎಂಬ ಆಕಾರ ಮರೆತರೆ ಒಂದು ಗಂಟೆಯಲ್ಲಿ ಮತ್ತೆ ಕಲಿಯಬಹುದು. ಎಪ್ಪತ್ತೊಂಬತ್ತು ಎಂಬ ಮಾತು ದಿನವೂ ಬಾಯಲ್ಲಿ ಆಡದಿದ್ದರೆ ಉಳಿಯುವುದಿಲ್ಲ.

ಅದಕ್ಕೇ ಯಾವ ಅಂಕಿ ಬಳಸಬೇಕೆಂಬ ಅನುಮಾನ ಬಂದಾಗ ನನ್ನ ಉತ್ತರ ಇಷ್ಟು. ಇನ್ನೊಬ್ಬರು ಮತ್ತೆ ಟೈಪ್ ಮಾಡಬೇಕಾದ, ಹುಡುಕಬೇಕಾದ, ಲೆಕ್ಕಕ್ಕೆ ಸೇರಿಸಬೇಕಾದ ಸಂಖ್ಯೆ ಯಾವುದೇ ಇರಲಿ, ಅಂದರೆ ಖಾತೆ ನಂಬರ್, ಸರ್ವೆ ನಂಬರ್, ಮೊಬೈಲ್, ಔಷಧದ ಪ್ರಮಾಣ ಇಂಥವನ್ನೆಲ್ಲ 1, 2, 3ರಲ್ಲೇ ಬರೆಯಿರಿ. ಬರೀ ಓದಿ ಮುಂದೆ ಹೋಗುವ ಕಡೆ, ಪುಸ್ತಕದ ಪುಟ, ಲಗ್ನಪತ್ರಿಕೆ, ಶಾಲೆಯ ಗೋಡೆ, ಜಾತ್ರೆಯ ಫಲಕಗಳಲ್ಲಿ, ಕನ್ನಡ ಅಂಕಿಯನ್ನು ಧಾರಾಳವಾಗಿ ಬಳಸಿ. ಒಂದೇ ಸಂಖ್ಯೆಯೊಳಗೆ ಎರಡನ್ನೂ ಬೆರೆಸಬೇಡಿ. ಬಾಯಿಬಿಟ್ಟು ಹೇಳುವಾಗ ಮಾತ್ರ ಮೊದಲು ಕನ್ನಡದಲ್ಲೇ ಹೇಳಿ. ಎದುರಿನವರಿಗೆ ತಿಳಿಯದಿದ್ದರೆ ಆಮೇಲೆ ಅವರ ಭಾಷೆಯಲ್ಲಿ ಹೇಳಿದರಾಯಿತು. ನಂಬರ್ ಪ್ಲೇಟಿಗಾಗಿ ಪೊಲೀಸರ ಜೊತೆ ವಾದಕ್ಕಿಳಿಯುವ ಗೆಳೆಯರು ‘ಕನ್ನಡಕ್ಕೆ ಎರಡನ್ನು ಒತ್ತಿ’ ಎಂದ ಮೇಲೂ ಹಣದ ಮೊತ್ತವನ್ನು ಇಂಗ್ಲಿಷಿನಲ್ಲಿ ಒದರುವ ಸ್ವಯಂಚಾಲಿತ ಕರೆಗಳ ವಿರುದ್ಧ ದೂರು ಕೊಡಲಿ. ಆ ಹೋರಾಟದಲ್ಲಿ ಕಾನೂನು ನಮಗೆ ಅಡ್ಡ ಬರುವುದಿಲ್ಲ, ಗೆದ್ದರೆ ಅದರ ಉಪಯೋಗ ಸಂಶಿಯ ಆ ಹಿರಿಯರಿಗೆ ನೇರವಾಗಿ ತಲುಪುತ್ತದೆ.